ಎರಡು ವಾರ ಮನೆಯಿಂದ ಕೆಲಸಕ್ಕೆ ಅನುಮತಿ ಕೋರಿ (ಆಗಸ್ಟ್ 4ರಿಂದ 16)

ಸರ್, ನಮಸ್ಕಾರ.

ಫೋನಿನಲ್ಲಿ ಹೇಳಲು ಹೋದರೆ ಅರ್ಧ ಮರೆಯುತ್ತೇನೆ, ಅದಕ್ಕೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಿದೆ.

ನನಗೆ ಸಂಧಿವಾತ ಇರುವುದು, ಮೂರು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿರುವುದು ನಿಮಗೆ ಗೊತ್ತು. ಇದು ವಯಸ್ಸಾದವರಿಗೆ ಬರುವ ಮೊಣಕಾಲು ಸವೆತ ಅಲ್ಲ. ರುಮಟಾಯ್ಡ್ ಅನ್ನುತ್ತಾರೆ, ದೇಹದ ರಕ್ಷಣೆಯ ಶಕ್ತಿಯೇ ತಪ್ಪಾಗಿ ಕೀಲುಗಳ ಮೇಲೆ ಬೀಳುತ್ತದೆ. ಅದನ್ನು ಹಿಡಿದಿಡಲು ಪ್ರತಿ ಭಾನುವಾರ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತೇನೆ. ಕಳೆದ ತಿಂಗಳು ವೈರಲ್ ಜ್ವರ ಬಂದಾಗ ಡಾಕ್ಟರು ಅದನ್ನು ಎರಡು ವಾರ ನಿಲ್ಲಿಸಿದ್ದರು. ಜ್ವರ ಹೋಯಿತು, ನೋವು ತಿರುಗಿ ಬಂತು. ಈಗ ಎರಡೂ ಮಣಿಕಟ್ಟು, ಬೆರಳಿನ ಗೆಣ್ಣುಗಳು ಊದಿಕೊಂಡಿವೆ. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುವುದಿಲ್ಲ. ಜಡೆ ಹಾಕಿಕೊಳ್ಳಲೂ ಅಮ್ಮ ಬೇಕು.

ನಿನ್ನೆ ಡಾಕ್ಟರನ್ನು ನೋಡಿ ಬಂದೆ. ಮೆಥೊಟ್ರೆಕ್ಸೇಟ್ ಡೋಸ್ ಜಾಸ್ತಿ ಮಾಡಿದ್ದಾರೆ. ಅದು ಹಿಡಿತಕ್ಕೆ ಬರಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಸ್ಟೀರಾಯ್ಡ್ ಕೊಟ್ಟು ನಿಧಾನವಾಗಿ ಇಳಿಸುತ್ತಾರೆ. ಈ ಎರಡೂ ಸೇರಿದಾಗ ಸೋಂಕು ಬೇಗ ತಗಲುತ್ತದೆ, ಹಾಗಾಗಿ ಕೆಮ್ಮು, ಜ್ವರ ಇರುವವರಿಂದ ದೂರ ಇರಲು ಹೇಳಿದ್ದಾರೆ. ನಮ್ಮ ಆಫೀಸಿನಲ್ಲಿ ಈಗ ಕೆಮ್ಮದೇ ಇರುವವರು ಯಾರಿದ್ದಾರೆ, ನೀವೇ ಹೇಳಿ! ಅವರು ಬರೆದುಕೊಟ್ಟ ಚೀಟಿಯ ಫೋಟೋ ಇದರ ಜೊತೆ ಇಟ್ಟಿದ್ದೇನೆ.

ಹಾಗಾಗಿ ಆಗಸ್ಟ್ 4, ಸೋಮವಾರದಿಂದ 16, ಶನಿವಾರದವರೆಗೆ ಮನೆಯಿಂದಲೇ ಕೆಲಸ ಮಾಡಲು ಅನುಮತಿ ಕೊಡಬೇಕು ಎಂದು ಕೇಳುತ್ತಿದ್ದೇನೆ.

ಬೆರಳು ಹಿಡಿದುಕೊಂಡಿದ್ದರೆ ಮನೆಯಲ್ಲಿ ಮಾತ್ರ ಹೇಗೆ ಟೈಪ್ ಮಾಡುತ್ತಾಳೆ ಅಂತ ನಿಮಗೆ ಅನ್ನಿಸಬಹುದು. ನ್ಯಾಯವಾದ ಪ್ರಶ್ನೆ. ಬಿಗಿತ ಬೆಳಿಗ್ಗೆ ಹೆಚ್ಚು. ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಹತ್ತೂವರೆ ಆಗುವಷ್ಟರಲ್ಲಿ ಬೆರಳು ಸಡಿಲ ಆಗುತ್ತವೆ. ಒಂಬತ್ತೂವರೆಗೆ ಆಫೀಸಿಗೆ ಬರಬೇಕೆಂದರೆ ಅದೇ ಕೆಟ್ಟ ಹೊತ್ತಿನಲ್ಲಿ ಕೌಲ್ ಬಜಾರ್‌ನಿಂದ ಸ್ಕೂಟಿ ಓಡಿಸಬೇಕು. ಬುಧವಾರ ಬ್ರೇಕ್ ಹಿಡಿಯಲು ಆಗದೆ ತಳ್ಳುವ ಗಾಡಿಯೊಂದಕ್ಕೆ ತಗುಲಿಸುವುದರಲ್ಲಿದ್ದೆ. ಮನೆಯಲ್ಲಾದರೆ 11ರಿಂದ ರಾತ್ರಿ 8ರವರೆಗೆ, ನಡುವೆ ಕೈಗೆ ವಿಶ್ರಾಂತಿ ಕೊಟ್ಟು ಕೆಲಸ ಮಾಡಬಲ್ಲೆ. ಸೋಮವಾರ ಮಾತ್ರ ಮಾತ್ರೆಯ ವಾಕರಿಕೆ ಇರುತ್ತದೆ, ಸ್ವಲ್ಪ ನಿಧಾನ ಆಗಬಹುದು.

ಆಫೀಸಿನ ಕಂಪ್ಯೂಟರ್ ಆನ್ ಇಟ್ಟರೆ ಎನಿಡೆಸ್ಕ್‌ನಲ್ಲಿ ಟ್ಯಾಲಿ ತೆರೆಯುತ್ತೇನೆ. ಖರೀದಿ ಬಿಲ್‌ಗಳ ಫೋಟೋ ವಾಟ್ಸಾಪ್‌ನಲ್ಲಿ ಬಂದರೆ ಸಾಕು. ಜುಲೈ ತಿಂಗಳ ಜಿಎಸ್‌ಟಿಆರ್-1 ಕೊನೆ ದಿನ 11ನೇ ತಾರೀಕು. ನಾನು 9ಕ್ಕೇ ತಯಾರು ಮಾಡಿ ನಿಮಗೆ ತೋರಿಸುತ್ತೇನೆ, ಓಟಿಪಿ ಹೇಗೂ ನಿಮ್ಮ ಮೊಬೈಲಿಗೇ ಬರುತ್ತದೆ. ಹೋದ ದೀಪಾವಳಿ ಸಮಯದಲ್ಲಿ ಸುಮ್ನೆ ತಡೆದುಕೊಂಡು ಬಂದು, ಕೊನೆಗೆ ಎಂಟು ದಿನ ಒಟ್ಟಿಗೆ ರಜೆ ಹಾಕಿ, ರಿಟರ್ನ್ ತಡವಾಗಿ ದಂಡ ಕಟ್ಟಿದ್ದು ನನಗೆ ಇನ್ನೂ ಮರೆತಿಲ್ಲ. ಈ ಸಲ ಮೊದಲೇ ಹೇಳುತ್ತಿರುವುದು ಅದಕ್ಕೇ.

ಇ-ವೇ ಬಿಲ್ ನಾನೇ ಮಾಡಿ ಪಿಡಿಎಫ್ ಕಳಿಸುತ್ತೇನೆ, ಪ್ರಿಂಟ್ ತೆಗೆದು ಡ್ರೈವರ್ ಕೈಗೆ ಕೊಡುವುದು ಮಂಜುನಾಥ್ ಕೆಲಸ. ಲಾರಿ ರಾತ್ರಿ ಹೊರಡುವುದಿದ್ದರೆ 7ರೊಳಗೆ ಹೇಳಲಿ.

ಮನೆಯಿಂದ ಆಗದ ಕೆಲಸಗಳೂ ಇವೆ. ಕ್ಯಾಶ್ ಪೆಟ್ಟಿಗೆ, ಚೆಕ್ ಪುಸ್ತಕ, ವಾಷಿಂಗ್ ಯೂನಿಟ್‌ಗೆ ಹೋಗಿ ಬರುವ ಪ್ಯಾಂಟ್‌ಗಳ ಎಣಿಕೆ. ಚಲನ್ ಕೈಯಲ್ಲಿ ಬರೆಯುವುದಂತೂ ಈಗ ಎಲ್ಲಿದ್ದರೂ ಆಗದು. ಬಟವಾಡೆಯ ಲೆಕ್ಕ ಶುಕ್ರವಾರ ಸಂಜೆಯೇ ಕಳಿಸುತ್ತೇನೆ, ಶನಿವಾರ ಹಣ ಹಂಚುವಾಗ ನೀವು ಅಥವಾ ಮಂಜುನಾಥ್ ಇರಬೇಕು. ಅವನ ಜೊತೆ ಮಾತಾಡಿದ್ದೇನೆ, ಒಪ್ಪಿದ್ದಾನೆ. ಇಷ್ಟು ಹೊರೆ ಅವನಿಗೆ ಜಾಸ್ತಿಯೇ, ಅದು ನನಗೂ ಗೊತ್ತು. ಹುಷಾರಾದ ಮೇಲೆ ಅವನ ಸ್ಟಾಕ್ ರಿಜಿಸ್ಟರ್ ನಾನು ಮುಗಿಸಿಕೊಡುತ್ತೇನೆ.

ಯಾವುದಾದರೂ ದಿನ ಕೈ ಪೂರ್ತಿ ಆಡದಿದ್ದರೆ ಕೆಲಸ ಮಾಡಿದಂತೆ ತೋರಿಸುವುದಿಲ್ಲ, ಅವತ್ತು ರಜೆ ಹಾಕಿಕೊಳ್ಳಿ. 14ಕ್ಕೆ ರಕ್ತಪರೀಕ್ಷೆ ಇದೆ. ವರದಿ ಬಂದ ಮೇಲೆ 18ಕ್ಕೆ ಆಫೀಸಿಗೆ ಬರಬಹುದೋ ಇಲ್ಲವೋ ತಿಳಿಸುತ್ತೇನೆ.

ಇನ್ನೊಂದು ಮಾತು ಸರ್. ಉಳಿದವರು ಕೇಳಿದರೆ ಹುಷಾರಿಲ್ಲ ಎಂದಷ್ಟೇ ಹೇಳಿ. ಕಾಯಿಲೆಯ ಹೆಸರು ಕೇಳಿದರೆ ನಾಳೆಯಿಂದ ಎಲ್ಲರೂ ಒಂದೊಂದು ಎಣ್ಣೆ ಹೇಳುತ್ತಾರೆ.

ನಾಳೆ ಬಟವಾಡೆ ಇರುವುದರಿಂದ ಅಣ್ಣನ ಗಾಡಿಯಲ್ಲಿ ಬಂದು ಹೋಗುತ್ತೇನೆ. ನೀವು ಒಪ್ಪಿದರೆ ಪೆಟ್ಟಿಗೆಯ ಕೀಲಿಕೈ, ಉಳಿದ ನಗದು ನಿಮ್ಮೆದುರೇ ಎಣಿಸಿ ಮಂಜುನಾಥ್‌ಗೆ ಕೊಡುತ್ತೇನೆ.

ಇಂತಿ,
ಶಿವಲೀಲಾ
ಲೆಕ್ಕಪತ್ರ ವಿಭಾಗ, ಬಳ್ಳಾರಿ
ಆಗಸ್ಟ್ 1, 2025