ವಿಷಯ: ತರಗತಿ ಸಂಯೋಜಕಿ ಹುದ್ದೆಗೆ ಅರ್ಜಿ – ಕಲಬುರಗಿಯಿಂದ, ಬರ್ಲಿನ್ ಸಮಯಕ್ಕೆ

ನಮಸ್ಕಾರ ಮೇಡಂ,

ಹೊರದೇಶದ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಕನ್ನಡ ಕಲಿಸುವ ನಿಮ್ಮ ಶಾಲೆಗೆ, ಮನೆಯಿಂದಲೇ ಕೆಲಸ ಮಾಡುವ ತರಗತಿ ಸಂಯೋಜಕಿ ಬೇಕು ಎಂಬ ಜಾಹೀರಾತು ನೋಡಿದೆ. ಅರ್ಜಿ ಕನ್ನಡದಲ್ಲೇ ಇರಲಿ ಅಂತ ಕೇಳಿದ್ದೀರಿ. ಅದನ್ನು ಓದಿಯೇ ಅರ್ಧ ಮನಸ್ಸು ಬಂತು.

ನನ್ನ ಹೆಸರು ಭಾಗ್ಯಶ್ರೀ. ಕಲಬುರಗಿಯಲ್ಲಿ ಜೇವರ್ಗಿ ರಸ್ತೆ ಕಡೆ ಮನೆ. ಬಿ.ಕಾಂ. ಓದಿದ್ದೇನೆ. 2021ರಿಂದ ಒಂದು ಆನ್‌ಲೈನ್ ಟ್ಯೂಷನ್ ಸಂಸ್ಥೆಯಲ್ಲಿ ಮನೆಯಿಂದಲೇ ಟೈಮ್ ಟೇಬಲ್ ಮತ್ತು ಪೋಷಕರ ಸಂಪರ್ಕ ನೋಡಿಕೊಳ್ಳುತ್ತಿದ್ದೇನೆ. ಸದ್ಯ ನನ್ನ ಪಟ್ಟಿಯಲ್ಲಿ 14 ಟೀಚರ್‌ಗಳಿದ್ದಾರೆ. ಉಳಿದ ವಿವರ ರೆಸ್ಯೂಮೆಯಲ್ಲಿದೆ, ಇಲ್ಲಿ ಮತ್ತೆ ಬರೆಯುವುದಿಲ್ಲ.

ಮೊದಲು ಗಡಿಯಾರದ ಮಾತು. ನೀವು ಬರ್ಲಿನ್‌ನಲ್ಲಿ, ಮಕ್ಕಳು ಜರ್ಮನಿಯಲ್ಲೂ ಟೊರಾಂಟೊದಲ್ಲೂ, ಟೀಚರ್‌ಗಳು ಕರ್ನಾಟಕದಲ್ಲಿ. ದಿನಕ್ಕೆ ಕನಿಷ್ಠ ನಾಲ್ಕು ಗಂಟೆ ನಿಮ್ಮ ಸಮಯಕ್ಕೆ ಹೊಂದಬೇಕು ಅಂದಿದ್ದೀರಿ. ನಾನು ಮಧ್ಯಾಹ್ನ 1:30ರಿಂದ ರಾತ್ರಿ 10ರವರೆಗೆ ಕೂರುತ್ತೇನೆ. ಚಳಿಗಾಲದಲ್ಲಿ ನಮಗೂ ನಿಮಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಅಂದರೆ ನಿಮ್ಮ ಬೆಳಗಿನ 9ಕ್ಕೆ ನಾನು ಲಾಗಿನ್ ಆಗಿರುತ್ತೇನೆ, ನಿಮ್ಮ ಇಡೀ ದಿನ ನನ್ನ ಕೆಲಸದೊಳಗೇ ಬರುತ್ತದೆ. ಬೇಸಿಗೆಯಲ್ಲಿ ವ್ಯತ್ಯಾಸ ಮೂರೂವರೆ ಗಂಟೆಗೆ ಇಳಿಯುತ್ತದೆ. ಆಗಲೂ ಏಳು ಗಂಟೆ ಜೊತೆಗಿರುತ್ತೇವೆ. ಶಾಲೆ ಮುಗಿಸಿ ಬರುವ ಬರ್ಲಿನ್ ಮಕ್ಕಳ 4:30ರ ತರಗತಿ ಚಳಿಗಾಲದಲ್ಲಿ ನಮಗೆ ರಾತ್ರಿ 9 ಗಂಟೆ. ಅದು ಮುಗಿಯುವವರೆಗೂ ನಾನು ಇರುತ್ತೇನೆ.

ಟೊರಾಂಟೊ ಸ್ವಲ್ಪ ಕಷ್ಟ, ಮುಚ್ಚಿಡುವುದಿಲ್ಲ. ಅಲ್ಲಿನ ಬೆಳಗಿನ 9 ಅಂದರೆ ಚಳಿಗಾಲದಲ್ಲಿ ನಮಗೆ ಸಂಜೆ 7:30. ಪೋಷಕರ ಜೊತೆ ಮಾತಾಡಲು ಎರಡೂವರೆ ಗಂಟೆ ಸಿಗುತ್ತದೆ, ಬೇಸಿಗೆಯಲ್ಲಿ ಒಂದು ಗಂಟೆ ಜಾಸ್ತಿ. ಶನಿವಾರ, ಭಾನುವಾರ ಬೆಳಗಿನ ತರಗತಿಗಳಿಗೆ ತೊಂದರೆಯಿಲ್ಲ. ಆದರೆ ವಾರದ ದಿನ ಸಂಜೆ 5:30ಕ್ಕೆ ಅಲ್ಲಿ ತರಗತಿ ಇಟ್ಟರೆ ಚಳಿಗಾಲದಲ್ಲಿ ಇಲ್ಲಿ ಬೆಳಗಿನ ಜಾವ 4 ಗಂಟೆ. ಒಂದೆರಡು ದಿನ ಎದ್ದೇನು, ದಿನಾ ಆಗುವುದಿಲ್ಲ. ಈಗಲೇ ಹೇಳಿಬಿಡುವುದು ಒಳ್ಳೆಯದು ಅಲ್ವಾ?

ಈ ಲೆಕ್ಕವೆಲ್ಲ ನನಗೆ ಬಾಯಿಪಾಠ ಆಗಿದ್ದು ಒಂದು ತಪ್ಪಿನಿಂದ. 2023ರ ಮಾರ್ಚ್ 12, ಭಾನುವಾರ. ಊರಲ್ಲಿ ಶರಣಬಸವೇಶ್ವರ ಜಾತ್ರೆಯ ಗದ್ದಲ. ಟೊರಾಂಟೊದ ಬೆಳಗಿನ 10ರ ತರಗತಿ ನಮಗೆ ರಾತ್ರಿ 8:30ಕ್ಕೆ ಅಂತ ಟೀಚರ್‌ಗೆ ಹೇಳಿ, ನಾನು ನಿಶ್ಚಿಂತೆಯಿಂದ ಊಟಕ್ಕೆ ಕೂತಿದ್ದೆ. ತಟ್ಟೆಯಲ್ಲಿ ರೊಟ್ಟಿ, ಪಕ್ಕದಲ್ಲಿ ಫೋನು. 7:40ಕ್ಕೆ ಶುರುವಾಯ್ತು ನೋಡಿ, ಒಂದರ ಹಿಂದೆ ಒಂದು ಮೆಸೇಜ್. ಒಂಬತ್ತು ಮಕ್ಕಳು ಕ್ಯಾಮೆರಾ ಆನ್ ಮಾಡಿಕೊಂಡು ಕಾಯುತ್ತಿದ್ದರು, ಟೀಚರ್ ಇಲ್ಲ. ಅವತ್ತೇ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗಿತ್ತು. ನಾನು ಕ್ಯಾಲೆಂಡರ್‌ನಲ್ಲಿ ತರಗತಿಯನ್ನು ನಮ್ಮ ಸಮಯದಲ್ಲಿ ಹಾಕಿದ್ದೆ, ಹಾಗಾಗಿ ಅದು ಇದ್ದಲ್ಲೇ ಇತ್ತು. ಅವತ್ತು ರಾತ್ರಿ ಒಂಬತ್ತೂ ಮನೆಗಳಿಗೆ ನಾನೇ ಫೋನ್ ಮಾಡಿ ಕ್ಷಮೆ ಕೇಳಿದೆ, ಬದಲಿ ತರಗತಿ ಗೊತ್ತುಮಾಡಿದೆ.

ಆಮೇಲಿಂದ ಗೂಗಲ್ ಕ್ಯಾಲೆಂಡರ್‌ನಲ್ಲಿ ಪ್ರತಿ ತರಗತಿಯ ಟೈಮ್ ಝೋನನ್ನು ಮಕ್ಕಳ ಊರಿಗೆ ಕಟ್ಟುತ್ತೇನೆ. `America/Toronto` ಅಥವಾ `Europe/Berlin`. ಆಗ ಅಲ್ಲಿ ಗಡಿಯಾರ ಸರಿದರೆ ಟೀಚರ್‌ಗೆ ಕಾಣುವ ಹೊತ್ತು ತಾನಾಗಿ ಸರಿಯುತ್ತದೆ. ಆದರೂ ಅದೊಂದನ್ನೇ ನಂಬಿ ಕೂರುವುದಿಲ್ಲ. 2026ರಲ್ಲಿ ಟೊರಾಂಟೊ ಮಾರ್ಚ್ 8ಕ್ಕೆ ಬದಲಾಗುತ್ತದೆ, ಜರ್ಮನಿ ಮಾರ್ಚ್ 29ಕ್ಕೆ. ನಡುವಿನ ಮೂರು ವಾರ ಬರ್ಲಿನ್‌ಗೂ ಟೊರಾಂಟೊಗೂ ಆರರ ಬದಲು ಐದೇ ಗಂಟೆ ಅಂತರ. ಎರಡೂ ಕಡೆಯ ಮಕ್ಕಳು ಸೇರುವ ತರಗತಿ ಇದ್ದರೆ ಎಡವಟ್ಟಾಗುವುದು ಇಲ್ಲೇ. ಅದಕ್ಕೇ ಹತ್ತು ದಿನ ಮುಂಚೆ ಟೀಚರ್‌ಗಳಿಗೂ ಪೋಷಕರಿಗೂ ಹೊಸ ಸಮಯ ಬರೆದು ಕಳಿಸುತ್ತೇನೆ. "ನೋಡಿದೆ" ಅಂತ ಉತ್ತರ ಕೊಡದವರಿಗೆ ಫೋನ್ ಮಾಡುತ್ತೇನೆ. ಆ ತಪ್ಪು ಮತ್ತೆ ಆಗಿಲ್ಲ.

ಸ್ಲ್ಯಾಕ್, ಝೂಮ್, ಟ್ರೆಲ್ಲೊ, ಗೂಗಲ್ ಶೀಟ್ ದಿನಾ ಬಳಸುತ್ತೇನೆ. ಇವನ್ನು ಯಾರಾದರೂ ಒಂದು ವಾರದಲ್ಲಿ ಕಲಿಯಬಹುದು. ಯಾವ ಮಾತನ್ನು ಎಲ್ಲಿ ಆಡಬೇಕು ಅನ್ನುವುದೇ ಕಷ್ಟ. ತರಗತಿ ನಿಲ್ಲುವಂಥ ವಿಷಯವಾದರೆ ಫೋನ್. ಇವತ್ತೇ ಉತ್ತರ ಬೇಕಾದದ್ದು ಸ್ಲ್ಯಾಕ್‌ನ ಥ್ರೆಡ್‌ನಲ್ಲಿ. ನಾಳೆಗೂ ಬೇಕಾಗುವ ತೀರ್ಮಾನ ಟ್ರೆಲ್ಲೊ ಕಾರ್ಡ್‌ನಲ್ಲಿ, ಇಲ್ಲದಿದ್ದರೆ ಚಾಟ್‌ನಲ್ಲಿ ಮೇಲೆ ಮೇಲೆ ಹುಡುಕುತ್ತಾ ಕೂರಬೇಕಾಗುತ್ತದೆ. ನನಗೆ ಬೆಳಿಗ್ಗೆ ಏನಾದರೂ ಹೊಳೆದರೆ ಮೆಸೇಜನ್ನು ನಿಮ್ಮ 9 ಗಂಟೆಗೆ ಹೋಗುವಂತೆ ಶೆಡ್ಯೂಲ್ ಮಾಡುತ್ತೇನೆ. ನಸುಕಿನಲ್ಲಿ ನಿಮ್ಮ ಫೋನ್ ಗುಂಯ್ ಅನ್ನುವುದು ಬೇಡ. ಸುಮ್ನೆ "ಹಾಯ್ ಮೇಡಂ" ಅಂತ ಹಾಕಿ ಉತ್ತರಕ್ಕೆ ಕಾಯುವ ಅಭ್ಯಾಸವೂ ಇಲ್ಲ.

ಕೆಲಸ ಮುಗಿಸುವ ಮುಂಚೆ ದಿನಾ ಒಂದು ಟಿಪ್ಪಣಿ ಹಾಕುತ್ತೇನೆ. ಮೊನ್ನೆಯದು, ಹೆಸರು ತೆಗೆದು, ಹೀಗಿತ್ತು:

"ಇವತ್ತು 6ರಲ್ಲಿ 5 ತರಗತಿ ನಡೆದವು. ಮೂರನೇ ಗುಂಪಿನ ಟೀಚರ್‌ಗೆ ಜ್ವರ. ಬದಲಿ ಟೀಚರ್ ಸಿಗಲಿಲ್ಲ, 4:10ಕ್ಕೆ ಪೋಷಕರಿಗೆ ತಿಳಿಸಿದೆ, ಶನಿವಾರಕ್ಕೆ ಹಾಕಿದೆ. ಒಬ್ಬ ಹುಡುಗ ಮೂರನೇ ಸಲ ಗೈರು. ನಾಳೆ ಅವರಮ್ಮನಿಗೆ ಫೋನ್ ಮಾಡುತ್ತೇನೆ. ನಿಮ್ಮಿಂದ ಬೇಕಾದ್ದು ಒಂದೇ: ಅವನ ಫೀಸು ಮುಂದಿನ ತಿಂಗಳಿಗೆ ಹಾಕಬಹುದಾ? ಗುರುವಾರದೊಳಗೆ ಹೇಳಿ."

ಮೇಲೆ ನಿಂತು ನೋಡುವವರಿಲ್ಲದೆ ಕೆಲಸ ಮಾಡುತ್ತೀರಾ ಅಂತ ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಈ ಟಿಪ್ಪಣಿಯೇ. ಈಗಿನ ಸಂಸ್ಥೆಯಲ್ಲಿ ನನ್ನ ಮೇಲಿನವರ ಜೊತೆ ವಾರಕ್ಕೆ ಒಂದೇ ಕರೆ, ಇಪ್ಪತ್ತು ನಿಮಿಷ. ಉಳಿದದ್ದೆಲ್ಲ ಬರಹದಲ್ಲೇ ನಡೆಯುತ್ತದೆ.

ಇನ್ನು ನಮ್ಮೂರಿನ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಗಿನ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ಅವರು ಮನೆಗೆ ಹೋಗುವ ಹೊತ್ತಿಗೆ ನನ್ನ ಕೆಲಸ ಶುರು! ಕೆಳಗಿನ ಕೋಣೆಯಲ್ಲಿ ಕೂಲರ್ ಹಾಕಿಕೊಂಡು ಕೂರುತ್ತೇನೆ. ಅದರ ಗರಗರ ನಿಮಗೆ ಕೇಳದಿರಲಿ ಅಂತ ಒಳ್ಳೆಯ ಹೆಡ್‌ಸೆಟ್ ತಗೊಂಡಿದ್ದೇನೆ. ಸಂಜೆ ಗಾಳಿ ಮಳೆ ಬಂದರೆ ಕರೆಂಟ್ ಹೋಗುವುದುಂಟು. ಲ್ಯಾಪ್‌ಟಾಪ್, ರೂಟರ್ ಎರಡೂ ಇನ್ವರ್ಟರ್ ಮೇಲಿವೆ. ಬ್ರಾಡ್‌ಬ್ಯಾಂಡ್ ಕೈಕೊಟ್ಟರೆ ಬೇರೆ ಕಂಪನಿಯ ಸಿಮ್ಮಿನ ಹಾಟ್‌ಸ್ಪಾಟ್ ಇದೆ. ಎರಡೂ ಹೋದರೆ ಐದು ನಿಮಿಷದೊಳಗೆ ನಿಮಗೂ ಆ ಹೊತ್ತಿನ ಟೀಚರ್‌ಗೂ ಫೋನ್ ಬರುತ್ತದೆ.

ಮಕ್ಕಳ ಜೊತೆ ಮಾತಾಡುವಾಗ ನನ್ನ ಕನ್ನಡದಲ್ಲಿ ನಮ್ಮ ಕಡೆಯ ಧಾಟಿ ಬರುತ್ತದೆ, "ಹೌದ್ರಿ", "ಬರ್ರಿ" ಅಂತ. ನಿಮ್ಮ ಶಾಲೆಯಲ್ಲಿ ಎಲ್ಲ ಕಡೆಯ ಮಕ್ಕಳೂ ಇದ್ದಾರೆ ಅಂದುಕೊಂಡಿದ್ದೇನೆ, ಹಾಗಾಗಿ ಅದನ್ನು ಬಿಡುವ ಯೋಚನೆ ಇಲ್ಲ.

ಶನಿವಾರ, ಭಾನುವಾರ ಕೆಲಸ ಇರುವುದರಿಂದ ಸೋಮವಾರ, ಮಂಗಳವಾರ ರಜೆ ಕೊಟ್ಟರೆ ಸಾಕು. ಈಗಿನ ಸಂಸ್ಥೆಗೆ 30 ದಿನದ ನೋಟಿಸ್ ಕೊಡಬೇಕು. ರೆಸ್ಯೂಮೆ ಜೊತೆ ಮೂರು ದೇಶದ ಸಮಯ ಒಟ್ಟಿಗೆ ತೋರಿಸುವ ಮಾದರಿ ಟೈಮ್ ಟೇಬಲ್ ಶೀಟ್ ಲಗತ್ತಿಸಿದ್ದೇನೆ. ಮಾರ್ಚ್ ತಿಂಗಳ ಹಾಳೆ ತೆರೆದು ನೋಡಿ, 8 ಮತ್ತು 29ನೇ ತಾರೀಕುಗಳಿಗೆ ಕೆಂಪು ಬಣ್ಣ ಬಳಿದಿದ್ದೇನೆ.

ಮುಂದಿನ ವಾರ ಬುಧವಾರದಿಂದ ಶುಕ್ರವಾರದವರೆಗೆ ನಿಮ್ಮ ಬೆಳಗಿನ 9ರಿಂದ 10:30ರೊಳಗೆ ಯಾವಾಗ ಬೇಕಾದರೂ ಮಾತಾಡಬಹುದು. ನಂಬರ್ ರೆಸ್ಯೂಮೆಯಲ್ಲಿದೆ.

ವಂದನೆಗಳೊಂದಿಗೆ,
ಭಾಗ್ಯಶ್ರೀ
ಕಲಬುರಗಿ