ಜಲ ಸಂರಕ್ಷಣೆ

ಪೀಠಿಕೆ

‘ಗಂಗಾ ಸ್ನಾನ, ತುಂಗಾ ಪಾನ’ ಎಂಬ ಮಾತು ಕೇಳದೆ ಬೆಳೆದವರು ಶಿವಮೊಗ್ಗ ಸೀಮೆಯಲ್ಲಿ ಸಿಗುವುದು ಕಷ್ಟ. ಕುಡಿದರೆ ತುಂಗೆಯ ನೀರನ್ನೇ ಕುಡಿಯಬೇಕು ಎಂದು ಹಿರಿಯರು ಬೀಗಿದ ನಾಡು ಇದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಶರಾವತಿ ಹುಟ್ಟುವುದೂ ಅದೇ ತಾಲ್ಲೂಕಿನ ಅಂಬುತೀರ್ಥದಲ್ಲಿ. ಇಂಥ ಸೀಮೆಯ ಹಳ್ಳಿಗಳಲ್ಲಿ ಮಾರ್ಚ್ ಕಳೆಯುವಷ್ಟರಲ್ಲಿ ಬಾವಿಯ ತಳ ಕಾಣುತ್ತದೆ, ಏಪ್ರಿಲ್‌ನಲ್ಲಿ ನೀರಿನ ಟ್ಯಾಂಕರ್ ದಾರಿ ಕಾಯಬೇಕಾಗುತ್ತದೆ ಎಂದರೆ ಬಯಲುಸೀಮೆಯ ನೆಂಟರು ನಂಬುವುದಿಲ್ಲ.

ಭೂಮಿಯ ಮೇಲಿನ ನೀರಿನಲ್ಲಿ ನೂರಕ್ಕೆ ಸುಮಾರು 97 ಭಾಗ ಉಪ್ಪುನೀರು. ಉಳಿದ ಸಿಹಿನೀರಿನಲ್ಲೂ ಬಹುಪಾಲು ಹಿಮವಾಗಿ ಹೆಪ್ಪುಗಟ್ಟಿದೆ. ಈ ಲೆಕ್ಕ ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಪದಮಿತಿ ಇರುವುದರಿಂದ ಅದನ್ನು ಅಲ್ಲಿಗೇ ಬಿಟ್ಟು ಮಲೆನಾಡಿಗೆ ಬರುತ್ತೇನೆ. ಇಲ್ಲಿ ಮಳೆಗೆ ಬರವಿಲ್ಲ, ಬಿದ್ದ ಮಳೆ ಗುಡ್ಡದಲ್ಲಿ ನಿಲ್ಲುವುದಿಲ್ಲ. ಮಲೆನಾಡಿನಲ್ಲಿ ಜಲ ಸಂರಕ್ಷಣೆ ಎಂದರೆ ಮುಖ್ಯವಾಗಿ ಓಡುವ ನೀರನ್ನು ನಿಧಾನಗೊಳಿಸುವ ಕೆಲಸ.

ವಿಷಯ ನಿರೂಪಣೆ

ನಮ್ಮ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಮುಗಿದುಹೋಗುತ್ತದೆ. ನೆಲ ಇಳಿಜಾರು. ಬೋಳುಗುಡ್ಡದ ಮೇಲೆ ಬಿದ್ದ ನೀರು ಮಣ್ಣನ್ನೂ ಕೊಚ್ಚಿಕೊಂಡು ಗಂಟೆಗಳಲ್ಲಿ ಹಳ್ಳ ಸೇರುತ್ತದೆ. ಕಾನಿನ ದಟ್ಟ ಕಾಡಿನಲ್ಲಿ ಹಾಗಾಗದು. ಅಲ್ಲಿ ಹನಿ ಮೊದಲು ಎಲೆಯ ಮೇಲೆ ಬೀಳುತ್ತದೆ, ಆಮೇಲೆ ತರಗೆಲೆಯ ಹಾಸಿನ ಮೇಲೆ. ಬೇರಿನ ಸಂದುಗಳಲ್ಲಿ ಮೆಲ್ಲಗೆ ಕೆಳಗಿಳಿದು ತಿಂಗಳುಗಳ ನಂತರ ಗುಡ್ಡದ ಬುಡದಲ್ಲಿ ಒರತೆಯಾಗಿ ಮೇಲೆ ಬರುತ್ತದೆ. ಆ ಒರತೆಗೆ ಅಡಿಕೆ ಮರ ಸೀಳಿ ಮಾಡಿದ ದಬ್ಬೆ ಕೊಟ್ಟು ಅಬ್ಬಿ ನೀರನ್ನು ಹಿತ್ತಿಲಿಗೆ ತಂದುಕೊಂಡ ಮನೆಗಳು ಮಲೆನಾಡಿನ ತುಂಬ ಇದ್ದವು. ಪಂಪೂ ಬೇಡ, ಕರೆಂಟೂ ಬೇಡ. ಈಗ ದಬ್ಬೆಯ ಜಾಗಕ್ಕೆ ಕಪ್ಪು ಪೈಪು ಬಂದಿದೆ. ಆದರೆ ಮೇಲಿನ ಕಾನು ಕಡಿದ ಕಡೆ ಪೈಪಿನೊಳಗೆ ಬೇಸಿಗೆಯಲ್ಲಿ ಗಾಳಿ ಮಾತ್ರ. ಅಕೇಶಿಯ, ನೀಲಗಿರಿ ನೆಟ್ಟು ಗುಡ್ಡವನ್ನು ಹಸಿರಾಗಿಸಿದೆವು ಎನ್ನುವವರಿದ್ದಾರೆ. ಒಂದೇ ಜಾತಿಯ ಸಾಲುಮರ ನೆಟ್ಟರೆ ಕಾನು ಆಗುವುದಿಲ್ಲ. ಹೊಸದಾಗಿ ನೀಲಗಿರಿ ನೆಡುವುದನ್ನು ಕರ್ನಾಟಕ ಸರ್ಕಾರವೇ 2017ರಲ್ಲಿ ನಿಷೇಧಿಸಿತು.

ಕಾಡಿನಷ್ಟೇ ದೊಡ್ಡ ಜಲಸಂಗ್ರಹ ನಮ್ಮ ಭತ್ತದ ಗದ್ದೆ ಎಂಬುದನ್ನು ಪ್ರಬಂಧಗಳಲ್ಲಿ ಯಾರೂ ಬರೆಯುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳಲ್ಲಿ ನಾಟಿಯಿಂದ ತೆನೆ ಬಲಿಯುವವರೆಗೂ ನೀರು ನಿಂತಿರುತ್ತದೆ. ಒಂದೊಂದು ಅಂಚೂ ಒಂದು ಪುಟ್ಟ ಅಣೆಕಟ್ಟು. ಹೀಗೆ ನಿಂತು ಇಂಗಿದ ನೀರಿನಿಂದಲೇ ಕೆಳಗಿನ ಬಾವಿಗಳು ತುಂಬುತ್ತಿದ್ದವು. ಈಗ ಕೂಲಿಗೆ ಜನ ಸಿಗದೆ, ಭತ್ತಕ್ಕೆ ಬೆಲೆ ಇಲ್ಲದೆ ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ಅಡಿಕೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಆದ್ದರಿಂದ ಆಳವಾಗಿ ಬಸಿಗಾಲುವೆ ತೆಗೆದು ಮಳೆಗಾಲದ ನೀರನ್ನು ಆದಷ್ಟು ಬೇಗ ಹೊರಗೆ ಹರಿಸುತ್ತೇವೆ. ಬೇಸಿಗೆ ಬಂತೆಂದರೆ ಅದೇ ತೋಟಕ್ಕೆ ಬೋರ್‌ವೆಲ್ಲಿನಿಂದ ನೀರೆತ್ತುತ್ತೇವೆ. ಮಳೆಗಾಲದಲ್ಲಿ ಊರಿಗೆ ನೀರು ಕೂಡಿಟ್ಟು ಕೊಡುತ್ತಿದ್ದ ನೆಲವೇ ಬೇಸಿಗೆಯಲ್ಲಿ ಊರಿನ ನೀರು ಕೇಳತೊಡಗಿದೆ. ಇದಕ್ಕೆ ರೈತರನ್ನು ದೂರುವ ಹಕ್ಕು ನನಗಿಲ್ಲ. ನನ್ನ ಶಾಲೆಯ ಫೀಸು ಬಂದದ್ದೂ ಅಡಿಕೆಯಿಂದಲೇ. ಆದರೆ ಉಳಿದಿರುವ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಳ್ಳುವವರಿಗೆ, ಅವರು ಇಂಗಿಸುವ ನೀರಿಗಾಗಿ ಸರ್ಕಾರ ಏನಾದರೂ ಕೊಡಬೇಕು. ತೋಟದವರು ಹನಿ ನೀರಾವರಿ ಮಾಡಿ ಬುಡಕ್ಕೆ ಸೊಪ್ಪು, ಸಿಪ್ಪೆ ಹೊದಿಸಿದರೂ ಎಷ್ಟೋ ನೀರು ಉಳಿಯುತ್ತದೆ.

ಕೆರೆ ಕಟ್ಟಿಸುವುದು ಈ ನೆಲಕ್ಕೆ ಹೊಸತಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ 5ನೇ ಶತಮಾನದ ಸ್ತಂಭಶಾಸನವಿದೆ. ಕದಂಬರ ಕಾಕುಸ್ಥವರ್ಮ ಅಲ್ಲಿನ ಶಿವಾಲಯದ ಬಳಿ ಕೆರೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಒಬ್ಬ ಅರಸ ತನ್ನ ವಂಶದ ಕೀರ್ತಿಯ ಜೊತೆಗೆ ಕೆರೆಯನ್ನೂ ಕಲ್ಲಿನಲ್ಲಿ ಕೆತ್ತಿಸುವಷ್ಟು ಅದಕ್ಕೆ ಮರ್ಯಾದೆ ಇತ್ತು. ಇಂದು ಕೆರೆಯ ಹೂಳೆತ್ತುವ ಕಾಮಗಾರಿಗಳು ನಡೆಯುತ್ತವೆ, ಉದ್ಘಾಟನೆಯ ಫೋಟೊಗಳೂ ಬರುತ್ತವೆ. ಗುಡ್ಡದಿಂದ ಕೆರೆಗೆ ನೀರು ತರುವ ಕಾಲುವೆ ಒತ್ತುವರಿಯಾಗಿದ್ದರೆ ಎಷ್ಟು ಹೂಳೆತ್ತಿದರೂ ಹೊಂಡ ಖಾಲಿಯೇ. ನನ್ನ ಪ್ರಕಾರ ಮೊದಲು ಕಾಲುವೆ ಬಿಡಿಸಬೇಕು, ಹೂಳಿನ ಮಾತು ಆಮೇಲೆ.

ಮನೆಯ ಮಟ್ಟದಲ್ಲಿ ಮಳೆ ಕೊಯ್ಲು ಎಲ್ಲಕ್ಕಿಂತ ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮನೆಯ ಮಾಡು 100 ಚದರ ಮೀಟರ್ ಇದ್ದು ವರ್ಷಕ್ಕೆ 2,000 ಮಿಲಿಮೀಟರ್ ಮಳೆ ಬಂದರೆ ಎರಡು ಲಕ್ಷ ಲೀಟರ್ ಆಯಿತು. ಸೋರಿ, ಆರಿ ಹೋಗುವುದಕ್ಕೆ ಐದನೇ ಒಂದು ಭಾಗ ಕಳೆದರೂ 1,60,000 ಲೀಟರ್ ಉಳಿಯುತ್ತದೆ. ಇಷ್ಟನ್ನು ತೊಟ್ಟಿಯಲ್ಲಿ ತುಂಬಿಡಲು ಯಾರಿಗೂ ಆಗದು, ನಿಜ. ಮರಳು, ಜಲ್ಲಿ ಹಾಕಿದ ಸೋಸುಗುಂಡಿಯ ಮೂಲಕ ಬಾವಿಗೋ ಇಂಗುಗುಂಡಿಗೋ ಬಿಡಬಹುದು. ಒಂದು ಎಚ್ಚರಿಕೆಯ ಮಾತು: ಗುಡ್ಡ ಕುಸಿಯುವ ಕಡಿದಾದ ಜಾಗದಲ್ಲಿ, ಮನೆಯ ಹಿಂದಿನ ಧರೆಯ ನೆತ್ತಿಯಲ್ಲಿ ಇಂಗುಗುಂಡಿ ತೋಡಬಾರದು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಉಪಾಯ ಹಳ್ಳದ ಕಟ್ಟ. ಮಳೆ ನಿಂತು ಹಳ್ಳದ ಹರಿವು ತಗ್ಗುವ ಹೊತ್ತಿಗೆ ಕಲ್ಲು, ಮಣ್ಣು, ಸೊಪ್ಪು ಹಾಕಿ ಅಡ್ಡ ಕಟ್ಟುವುದು. ಈಗ ಮರಳು ತುಂಬಿದ ಚೀಲಗಳನ್ನೂ ಜೋಡಿಸುತ್ತಾರೆ. ನೀರು ಹಿಂದಕ್ಕೆ ನಿಂತು ಎರಡೂ ದಡದ ನೆಲ ತಣಿಯುತ್ತದೆ. ‘ಹನಿ ಹನಿಗೂಡಿದರೆ ಹಳ್ಳ’ ಎನ್ನುತ್ತೇವೆ. ಮಲೆನಾಡಿನಲ್ಲಿ ಹಳ್ಳ ತಾನಾಗಿಯೇ ಆಗುತ್ತದೆ, ಎಷ್ಟು ತಿಂಗಳು ಹರಿಯುತ್ತದೆ ಎಂಬುದೇ ಪ್ರಶ್ನೆ. ಮುಂದಿನ ಮಳೆಗಾಲದ ಮೊದಲ ನೆರೆಗೆ ಕಟ್ಟ ಕೊಚ್ಚಿಹೋಗುತ್ತದೆ, ಹಾಗಾಗಿ ಪ್ರತಿ ವರ್ಷವೂ ಊರವರು ಕೂಡಬೇಕು. ಹುಡುಗರೆಲ್ಲ ಬೆಂಗಳೂರು ಸೇರಿದ ಊರುಗಳಲ್ಲಿ ಕಟ್ಟ ನಿಂತುಹೋಗಿರುವುದು ಇದೇ ಕಾರಣಕ್ಕೆ.

ನೀರನ್ನು ಕೊಳೆ ಮಾಡದಿರುವುದೂ ಸಂರಕ್ಷಣೆಯೇ. ಪಾನಕ್ಕೆ ಹೆಸರಾದ ತುಂಗೆಗೆ ಪಟ್ಟಣದ ಚರಂಡಿ ನೀರು ಸೇರಿದರೆ, ನದಿ ತುಂಬಿ ಹರಿದರೂ ಕುಡಿಯುವ ನೀರು ಕಡಿಮೆಯಾದಂತೆಯೇ. ನದಿ, ಸರೋವರ, ಅರಣ್ಯಗಳ ರಕ್ಷಣೆಯನ್ನು ಸಂವಿಧಾನದ 51ಎ (ಜಿ) ವಿಧಿ ನಾಗರಿಕರ ಮೂಲಭೂತ ಕರ್ತವ್ಯವೆಂದು ಹೇಳಿದೆ.

ಉಪಸಂಹಾರ

2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ಕೊಡುವ ಗುರಿ ಇಟ್ಟುಕೊಂಡಿದೆ. ನಲ್ಲಿ ಬಂದದ್ದು ಒಳ್ಳೆಯದೇ. ನಲ್ಲಿಯ ಹಿಂದೆ ಬಾವಿಯೋ ಬೋರೋ ಒಂದು ಇರಲೇಬೇಕಲ್ಲ? 2023ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಆದ್ದರಿಂದ ಪೈಪಿಗೆ ಖರ್ಚು ಮಾಡುವಾಗಲೇ ಅದರ ಮೇಲಿನ ಗುಡ್ಡ, ಕಾನು, ಹಳ್ಳಕ್ಕೂ ಹಣ ತೆಗೆದಿಡಬೇಕು. ಪ್ರತಿ ಗ್ರಾಮ ಪಂಚಾಯಿತಿಯೂ ನವೆಂಬರ್‌ನ ಗ್ರಾಮಸಭೆಯಲ್ಲೇ ಕಟ್ಟ ಹಾಕುವ ಜಾಗಗಳ ಪಟ್ಟಿ ಮಾಡಿ, ಹರಿವು ಬತ್ತುವ ಮೊದಲೇ ಕೆಲಸ ಮುಗಿಸಬೇಕು. ಯಾವ ತಿರುವಿನಲ್ಲಿ ಕಟ್ಟಿದರೆ ನೀರು ನಿಲ್ಲುತ್ತದೆ ಎಂದು ಬಲ್ಲ ಹಿರಿಯರು ಊರುಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಹಳ್ಳದ ಬಳಿಗೆ ಕರೆದೊಯ್ದು ಜಾಗ ಗುರುತಿಸಿ ನಕ್ಷೆ ಬರೆದುಕೊಡುವ ಕೆಲಸವನ್ನು ನಮ್ಮಂಥ ವಿದ್ಯಾರ್ಥಿಗಳಿಗೇ ವಹಿಸಬಹುದು.