ಲೇತ್ ಮಷೀನ್ ಸವಕಳಿ ಶೆಡ್ಯೂಲ್: ಸ್ಟ್ರೈಟ್ ಲೈನ್ ಮತ್ತು ಡಿಕ್ಲೈನಿಂಗ್ ಬ್ಯಾಲೆನ್ಸ್, 5 ವರ್ಷ

ಮಷೀನ್ ಬಿಲ್ 4,60,000, ಸಾಗಾಟ 14,000, ಫೌಂಡೇಷನ್ ಹಾಕಿ ಕೂರಿಸಿದ್ದಕ್ಕೆ 26,000, ಒಟ್ಟು 5,00,000. ಸಾಗಾಟ, ಕೂರಿಸಿದ ಖರ್ಚು ಎರಡನ್ನೂ ಮೊದಲ ವರ್ಷದ ಖರ್ಚಿಗೆ ಬರೀಬೇಡಿ, ಮಷೀನ್ ಕೆಲಸಕ್ಕೆ ರೆಡಿ ಆಗೋವರೆಗೂ ಆದದ್ದೆಲ್ಲ ಅದರ ಬೆಲೆಗೇ ಸೇರುತ್ತೆ. ಐದು ವರ್ಷ ಓಡುತ್ತೆ, ಆಮೇಲೆ ಮಾರಿದ್ರೆ 50,000 ಬರುತ್ತೆ ಅಂತ ಹಿಡಿದಿದೀನಿ. ಲೆಕ್ಕದ ವರ್ಷದ ಮೊದಲ ದಿನವೇ ಕೆಲಸ ಶುರುವಾಗಿದೆ, ಹಾಗಾಗಿ ಮೊದಲ ವರ್ಷವೂ ಪೂರ್ತಿ ಸವಕಳಿ.

ಸ್ಟ್ರೈಟ್ ಲೈನ್‌ನಲ್ಲಿ 5,00,000ದಿಂದ 50,000 ಕಳೆದು ಐದರಿಂದ ಭಾಗಿಸಿದ್ರೆ ವರ್ಷಕ್ಕೆ 90,000, ಅಷ್ಟೇ. ಡಿಕ್ಲೈನಿಂಗ್‌ನಲ್ಲಿ ಡಬಲ್ ರೇಟ್ ತಗೊಂಡಿದೀನಿ, ಅಂದ್ರೆ 100%ನ ಐದು ವರ್ಷಕ್ಕೆ ಹಂಚಿದ್ರೆ ವರ್ಷಕ್ಕೆ 20% ಆಗೋದರ ಎರಡರಷ್ಟು, 40%. ಇದನ್ನ ಪ್ರತಿ ವರ್ಷ ಉಳಿದಿರೋ ಬುಕ್ ವ್ಯಾಲ್ಯೂ ಮೇಲೆ ಹಾಕೋದು, ಕೊನೆಗೆ ಬರೋ 50,000ವನ್ನ ಮೊದಲೇ ಕಳೆಯೋ ಹಾಗಿಲ್ಲ.

| ವರ್ಷ | ಸ್ಟ್ರೈಟ್ ಲೈನ್ ಸವಕಳಿ | ವರ್ಷದ ಕೊನೆಗೆ ಉಳಿದದ್ದು | ಡಿಕ್ಲೈನಿಂಗ್ ಸವಕಳಿ | ವರ್ಷದ ಕೊನೆಗೆ ಉಳಿದದ್ದು |
|---|---|---|---|---|
| 1 | 90,000 | 4,10,000 | 2,00,000 | 3,00,000 |
| 2 | 90,000 | 3,20,000 | 1,20,000 | 1,80,000 |
| 3 | 90,000 | 2,30,000 | 72,000 | 1,08,000 |
| 4 | 90,000 | 1,40,000 | 43,200 | 64,800 |
| 5 | 90,000 | 50,000 | 14,800 | 50,000 |
| ಒಟ್ಟು | 4,50,000 | | 4,50,000 | |

ಐದನೇ ವರ್ಷದ 14,800 ನೋಡಿ ಲೆಕ್ಕ ತಪ್ಪಿದೆ ಅನ್ಕೋಬೇಡಿ. 64,800ಕ್ಕೆ 40% ಹಾಕಿದ್ರೆ 25,920 ಬರುತ್ತೆ, ಅಷ್ಟನ್ನೂ ಕಳೆದ್ರೆ ಬುಕ್ ವ್ಯಾಲ್ಯೂ 38,880ಕ್ಕೆ ಇಳಿದುಬಿಡುತ್ತೆ, ಆದ್ರೆ ನಾವು 50,000 ಉಳಿಯುತ್ತೆ ಅಂತ ಹಿಡಿದಿರೋದ್ರಿಂದ ಅದರ ಕೆಳಗೆ ಹೋಗೋ ಹಾಗಿಲ್ಲ, ಅದಕ್ಕೇ ಅಲ್ಲಿಗೆ ನಿಲ್ಲಿಸಿದೀನಿ. ಸ್ಪ್ರೆಡ್‌ಶೀಟ್‌ನಲ್ಲಿ ಫಾರ್ಮುಲಾ ಹಾಕಿ ಕೆಳಗೆ ಎಳೆದುಬಿಟ್ರೆ ಇದು ತಪ್ಪಿಹೋಗುತ್ತೆ, ಕೊನೇ ಸಾಲನ್ನ ಕಣ್ಣಲ್ಲಿ ನೋಡಲೇಬೇಕು.

ಮೊದಲ ವರ್ಷ ಡಿಕ್ಲೈನಿಂಗ್‌ನಲ್ಲಿ ಲಾಭ 1,10,000 ಕಮ್ಮಿ ಕಾಣುತ್ತೆ, ಎರಡನೇ ವರ್ಷ ಇನ್ನೂ 30,000 ಕಮ್ಮಿ, ಮೂರನೇ ವರ್ಷದಿಂದ ತಕ್ಕಡಿ ತಿರುಗಿ 18,000, 46,800, 75,200 ಅಂತ ವಾಪಸ್ ಬಂದು ಐದನೇ ವರ್ಷದ ಕೊನೆಗೆ ಎರಡೂ ಸರಿಸಮ. ಮೊದಲ ವರ್ಷ ಲಾಭ ಕಮ್ಮಿ ಕಂಡಿತು ಅಂತ ಗಾಬರಿ ಬೇಡ, ಸವಕಳಿ ಬರೆದ್ರೆ ಗಲ್ಲಾದಿಂದ ದುಡ್ಡು ಹೊರಗೆ ಹೋಗಲ್ಲ, ದುಡ್ಡು ಹೋಗಿದ್ದು ಮಷೀನ್ ತಗೊಂಡಾಗ.

ಇಬ್ಬರೂ ಪಾರ್ಟ್‌ನರ್‌ಗಳು ಮೂರು ವರ್ಷ ಆದ್ಮೇಲೆ ದೊಡ್ಡ ಮಷೀನ್ ತಗೊಳ್ಳೋ ಮಾತು ಆಡ್ತಿದೀರಲ್ಲ, ಆ ಲೆಕ್ಕವನ್ನೂ ಹಾಕಿ ನೋಡಿದೆ. ಮೂರನೇ ವರ್ಷದ ಕೊನೆಗೆ ಸೆಕೆಂಡ್ ಹ್ಯಾಂಡ್‌ನಲ್ಲಿ 1,30,000ಕ್ಕೆ ಹೋಯ್ತು ಅನ್ಕೊಳ್ಳಿ. ಸ್ಟ್ರೈಟ್ ಲೈನ್‌ನಲ್ಲಿ ಬುಕ್ಕಲ್ಲಿ ಇನ್ನೂ 2,30,000 ಕೂತಿರುತ್ತೆ, ಒಂದೇ ಏಟಿಗೆ 1,00,000 ನಷ್ಟ ಬರೀಬೇಕು. ಡಿಕ್ಲೈನಿಂಗ್‌ನಲ್ಲಿ 1,08,000 ಇರೋದ್ರಿಂದ 22,000 ಲಾಭ. ಮೂರು ವರ್ಷದ ಸವಕಳಿ ಜೊತೆ ಸೇರಿಸಿದ್ರೆ ಎರಡರಲ್ಲೂ ಮಷೀನಿಗೆ ತಗುಲಿದ್ದು 3,70,000ವೇ, ವ್ಯತ್ಯಾಸ ಇರೋದು ಯಾವ ವರ್ಷ ಎಷ್ಟು ಕಾಣುತ್ತೆ ಅನ್ನೋದರಲ್ಲಿ ಮಾತ್ರ, ಆದ್ರೆ ಮೂರನೇ ವರ್ಷ ಸಾಲಕ್ಕೆ ಹೋದಾಗ ಬ್ಯಾಂಕಿನವರ ಮುಂದೆ ಆ 1,00,000 ನಷ್ಟ ಇಟ್ಕೊಂಡು ಮಾತಾಡೋದು ಕಷ್ಟ.

ರಿಪೇರಿನೂ ಇದೆ. ಮೊದಲ ವರ್ಷ ಎಣ್ಣೆ, ಬೆಲ್ಟು ಸೇರಿ 6,000 ಆಗಬಹುದು, ಐದನೇ ವರ್ಷಕ್ಕೆ ಬೇರಿಂಗ್, ಸ್ಪಿಂಡಲ್ ಅಂತ 85,000 ಇಟ್ಟಿದೀನಿ. ಸ್ಟ್ರೈಟ್ ಲೈನ್ ಆದ್ರೆ ಮಷೀನಿನ ಒಟ್ಟು ಭಾರ ಮೊದಲ ವರ್ಷ 96,000, ಕೊನೇ ವರ್ಷ 1,75,000, ಹಳೇ ಮಷೀನೇ ಜಾಸ್ತಿ ತಿಂದಂಗೆ ಕಾಣುತ್ತೆ. ಡಿಕ್ಲೈನಿಂಗ್‌ನಲ್ಲಿ ಅದು 2,06,000ದಿಂದ 99,800ಕ್ಕೆ ಇಳಿಯುತ್ತೆ.

ಐದೂ ವರ್ಷ ಒಂದೇ ಸಮ ಕೆಲಸ ತಗೊಂಡು ಕೊನೆವರೆಗೂ ಇಟ್ಕೊಳ್ಳೋದು ಖಾತ್ರಿ ಇದ್ದಿದ್ರೆ ನಾನು ಸ್ಟ್ರೈಟ್ ಲೈನೇ ಹೇಳ್ತಿದ್ದೆ, ಬಿಡ್ಡಿಂಗ್ ರೇಟಿಗೂ ಅದು ಸುಲಭ. ಈಗಿರೋ ಯೋಚನೆಗೆ ಡಿಕ್ಲೈನಿಂಗ್ ಬ್ಯಾಲೆನ್ಸೇ ಸರಿ. ನಿಮ್ಮ ಒಪ್ಪಿಗೆ ಸಿಕ್ಕಿದ ಮೇಲೆ ಮೊದಲ ವರ್ಷದ ಎಂಟ್ರಿ: ಸವಕಳಿ ಖಾತೆ ಡೆಬಿಟ್ 2,00,000, ಕೂಡಿಟ್ಟ ಸವಕಳಿ ಖಾತೆ ಕ್ರೆಡಿಟ್ 2,00,000, ಮಷೀನ್ ಖಾತೆಯ 5,00,000 ಹಾಗೇ ಇರಲಿ. ತೆರಿಗೆಗೆ ಅದರದ್ದೇ ರೇಟ್ ಇರುತ್ತೆ, ಆ ಲೆಕ್ಕ ಬೇರೆ ಹಾಳೆಯಲ್ಲಿ ಇಟ್ಟಿರ್ತೀನಿ, ಇದರ ಜೊತೆ ಕಲಸಬೇಡಿ.